ನೂರು ಫ್ರೇಮಿನಲ್ಲಿ ನಿಜವೆಷ್ಟು?

ಈಗಿನ ದೊಡ್ಡ ಪಿಸಿ ಗೇಮ್‌ಗಳಲ್ಲಿ ಗ್ರಾಫಿಕ್ಸ್ ಮೆನು ತೆರೆದರೆ ಎರಡು ಸಾಲುಗಳು ಒಂದರ ಕೆಳಗೊಂದು ಕಾಣುತ್ತವೆ. ಮೊದಲನೆಯದು ಅಪ್‌ಸ್ಕೇಲಿಂಗ್. ಅದರೊಳಗೆ ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್, ಎಕ್ಸ್‌ಇಎಸ್‌ಎಸ್ ಎಂಬ ಹೆಸರುಗಳಿದ್ದು, ಒಂದೊಂದಕ್ಕೂ ಕ್ವಾಲಿಟಿ, ಬ್ಯಾಲೆನ್ಸ್ಡ್, ಪರ್ಫಾರ್ಮೆನ್ಸ್ ಎಂಬ ಮೆಟ್ಟಿಲುಗಳಿರುತ್ತವೆ. ಎರಡನೆಯದು ಫ್ರೇಮ್ ಜನರೇಷನ್. ಆನ್ ಅಥವಾ ಆಫ್. ಹೊಸ ಕಾರ್ಡ್ ಇದ್ದರೆ 2x, 3x, 4x. ಯಾವುದನ್ನು ಒತ್ತಿದರೂ ಪರದೆಯ ಮೂಲೆಯಲ್ಲಿರುವ ಎಫ್‌ಪಿಎಸ್ ಅಂಕಿ ಮೇಲೇರುತ್ತದೆ. ಅದಕ್ಕೇ ಹೆಚ್ಚಿನವರು ಇವೆರಡನ್ನೂ ಒಂದೇ ಔಷಧಿಯ ಎರಡು ಡೋಸು ಎಂದುಕೊಂಡು ಎರಡನ್ನೂ ಆನ್ ಮಾಡಿಬಿಡುತ್ತಾರೆ.

ಆದರೆ ಇವೆರಡರ ಕೆಲಸ ಪೂರ್ತಿ ಬೇರೆ. ಅಪ್‌ಸ್ಕೇಲಿಂಗ್ ಪ್ರತಿ ಫ್ರೇಮನ್ನು ಬೇಗ ಮುಗಿಸುತ್ತದೆ. ಹಾಗಾಗಿ ನೀವು ಮೌಸ್ ಒತ್ತಿದ್ದಕ್ಕೆ ಪರದೆ ಬೇಗ ಉತ್ತರ ಕೊಡುತ್ತದೆ. ಫ್ರೇಮ್ ಜನರೇಷನ್ ಎರಡು ನಿಜ ಫ್ರೇಮುಗಳ ಮಧ್ಯೆ ತಾನೇ ಊಹಿಸಿದ ಚಿತ್ರವನ್ನು ತೂರಿಸುತ್ತದೆ. ನೋಟ ನಯವಾಗುತ್ತದೆ, ಉತ್ತರ ಮಾತ್ರ ತಡವಾಗುತ್ತದೆ. ಅಂಕಿ ಒಂದೇ ದಿಕ್ಕಿಗೆ ಹೋದರೂ ಕೈಗೆ ಸಿಗುವ ಅನುಭವ ಎದುರುಬದುರು ದಿಕ್ಕಿಗೆ ಹೋಗುತ್ತದೆ. 2025ರ ಜನವರಿಯಲ್ಲಿ ಲಾಸ್ ವೇಗಾಸ್‌ನ ಸಿಇಎಸ್ ಮೇಳದಲ್ಲಿ ಎನ್ವಿಡಿಯಾ ಮುಖ್ಯಸ್ಥ ಜೆನ್ಸೆನ್ ಹುವಾಂಗ್, 549 ಡಾಲರಿನ ಆರ್‌ಟಿಎಕ್ಸ್ 5070 ಕಾರ್ಡು ಹಿಂದಿನ ತಲೆಮಾರಿನ ಅತಿ ದುಬಾರಿ 4090ರ ಸಾಮರ್ಥ್ಯ ಕೊಡುತ್ತದೆ ಎಂದರು. ಆ ಹೋಲಿಕೆ ನಿಂತಿದ್ದೇ ಊಹಿಸಿದ ಫ್ರೇಮುಗಳನ್ನೂ ಸೇರಿಸಿ ಎಣಿಸಿದ್ದರ ಮೇಲೆ. 'ಫೇಕ್ ಫ್ರೇಮ್' ಎಂಬ ಬೈಗುಳ ಆಟಗಾರರ ಬಾಯಲ್ಲಿ ಮತ್ತಷ್ಟು ಜೋರಾಗಿ ಓಡಾಡಿತು. ಬೈಗುಳ ಪೂರ್ತಿ ನ್ಯಾಯವಲ್ಲ, ಪೂರ್ತಿ ಅನ್ಯಾಯವೂ ಅಲ್ಲ.

ಮೊದಲು ಅಪ್‌ಸ್ಕೇಲಿಂಗ್ ನೋಡೋಣ. 4ಕೆ ಪರದೆಯಲ್ಲಿ 3840×2160, ಅಂದರೆ ಸುಮಾರು 83 ಲಕ್ಷ ಪಿಕ್ಸೆಲ್‌ಗಳು. ಅಷ್ಟನ್ನೂ ಸೆಕೆಂಡಿಗೆ ಅರವತ್ತು ಸಲ ಲೆಕ್ಕ ಹಾಕಿ ಬಣ್ಣ ತುಂಬುವುದು ಗ್ರಾಫಿಕ್ಸ್ ಕಾರ್ಡಿಗೆ ಭಾರ. ಹಾಗಾಗಿ ಚಿತ್ರವನ್ನು ಒಳಗೊಳಗೇ ಚಿಕ್ಕದಾಗಿ ಬಿಡಿಸಿ, ಆಮೇಲೆ ದೊಡ್ಡದು ಮಾಡಿ ತೋರಿಸುತ್ತಾರೆ. ಡಿಎಲ್‌ಎಸ್‌ಎಸ್ ಮತ್ತು ಎಫ್‌ಎಸ್‌ಆರ್‌ನಲ್ಲಿ ಕ್ವಾಲಿಟಿ ಎಂದರೆ ಅಗಲವನ್ನೂ ಎತ್ತರವನ್ನೂ 1.5ರಿಂದ ಭಾಗಿಸುವುದು, ಪರ್ಫಾರ್ಮೆನ್ಸ್ ಎಂದರೆ 2ರಿಂದ, ಅಲ್ಟ್ರಾ ಪರ್ಫಾರ್ಮೆನ್ಸ್ ಎಂದರೆ 3ರಿಂದ. 4ಕೆ ಪರದೆಯಲ್ಲಿ ಪರ್ಫಾರ್ಮೆನ್ಸ್ ಆರಿಸಿದರೆ ಒಳಗಿನ ಚಿತ್ರ 1920×1080 ಆಗುತ್ತದೆ, ಅಂದರೆ ಸುಮಾರು 20.7 ಲಕ್ಷ ಪಿಕ್ಸೆಲ್. ಈಗ ಸ್ಟೀಮ್ ಸಮೀಕ್ಷೆಗಳಲ್ಲಿ ವರ್ಷಗಳಿಂದ ಮೊದಲ ಸ್ಥಾನದಲ್ಲಿರುವ, ನಮ್ಮಲ್ಲೂ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿರುವ 1080ಪಿ ಪರದೆಗೆ ಬನ್ನಿ. ಅದರಲ್ಲಿ ಕ್ವಾಲಿಟಿ ಆರಿಸಿದರೆ ಒಳಗಿನ ಚಿತ್ರ 1280×720, ಬರೀ 9.2 ಲಕ್ಷ ಪಿಕ್ಸೆಲ್. ನಿಮ್ಮ ಲ್ಯಾಪ್‌ಟಾಪಿನ ಕ್ವಾಲಿಟಿಗಿಂತ ದೊಡ್ಡ ಟಿವಿಯವನ ಪರ್ಫಾರ್ಮೆನ್ಸ್‌ಗೆ ಎರಡು ಪಟ್ಟಿಗಿಂತ ಹೆಚ್ಚು ಸಾಮಗ್ರಿ ಸಿಗುತ್ತದೆ. ಯೂಟ್ಯೂಬಿನಲ್ಲಿ 4ಕೆ ಪರದೆಯ ಮುಂದೆ ಕೂತು 'ಪರ್ಫಾರ್ಮೆನ್ಸ್ ಮೋಡ್ ಸಾಕು, ವ್ಯತ್ಯಾಸವೇ ಗೊತ್ತಾಗಲ್ಲ' ಎನ್ನುವವರ ಮಾತನ್ನು 1080ಪಿಯವರು ನಂಬಬಾರದು. ಅವರು ಸುಳ್ಳು ಹೇಳುತ್ತಿಲ್ಲ, ಆದರೆ ಅವರ ಮಾತು ಅವರ ಪರದೆಗೆ ಮಾತ್ರ ಸಲ್ಲುತ್ತದೆ.

ಚಿಕ್ಕ ಚಿತ್ರವನ್ನು ಸುಮ್ಮನೆ ಹಿಗ್ಗಿಸಿದರೆ ಮಸುಕಾಗುತ್ತದೆ, ಅದು ಎಲ್ಲರಿಗೂ ಗೊತ್ತು. 2021ರಲ್ಲಿ ಎಎಂಡಿ ಬಿಟ್ಟ ಎಫ್‌ಎಸ್‌ಆರ್‌ನ ಮೊದಲ ಆವೃತ್ತಿ ಹೆಚ್ಚುಕಡಿಮೆ ಅದನ್ನೇ ಜಾಣತನದಿಂದ ಮಾಡುತ್ತಿತ್ತು: ಒಂದು ಫ್ರೇಮನ್ನು ತೆಗೆದುಕೊಂಡು, ಅಂಚುಗಳನ್ನು ಗುರುತಿಸಿ ಹಿಗ್ಗಿಸಿ, ಮೇಲಿಂದ ಚೂಪು ಮಾಡುವುದು. ಈಗಿನವೆಲ್ಲ ಬೇರೆ ದಾರಿ ಹಿಡಿದಿವೆ. ಅವು ಹಿಂದಿನ ಫ್ರೇಮುಗಳಿಂದಲೂ ಪಿಕ್ಸೆಲ್ ಕೂಡಿಸುತ್ತವೆ. ಪ್ರತಿ ಫ್ರೇಮಿನಲ್ಲೂ ಆಟದ ಕ್ಯಾಮೆರಾವನ್ನು ಒಂದು ಪಿಕ್ಸೆಲಿಗಿಂತ ಕಡಿಮೆ ದೂರ ಅತ್ತಿತ್ತ ಸರಿಸುತ್ತಾರೆ. ಹಳೆಯ ಮನೆಯ ಜಾಲಂದ್ರದ ಹಿಂದೆ ನಿಂತು ತಲೆಯನ್ನು ಚೂರುಚೂರೇ ಅಲ್ಲಾಡಿಸಿದರೆ ಪ್ರತಿ ಸಲ ಬೀದಿಯ ಬೇರೆ ಬೇರೆ ತುಣುಕು ಕಂಡು, ಕೊನೆಗೆ ಇಡೀ ಬೀದಿಯೇ ತಿಳಿಯುತ್ತದಲ್ಲ, ಹಾಗೆ. ಬೀದಿ ಅಲ್ಲಾಡದೆ ನಿಂತಿದ್ದರೆ ಲೆಕ್ಕ ಸುಲಭ. ಬೀದಿಯಲ್ಲಿ ಯಾರಾದರೂ ನಡೆಯುತ್ತಿದ್ದರೆ, ಆಗಲೇ ಕಂಡ ತುಣುಕು ಈಗ ಎಲ್ಲಿಗೆ ಹೋಗಿದೆ ಎಂದು ಗೊತ್ತಿರಬೇಕು. ಅದಕ್ಕಾಗಿ ಗೇಮ್ ಎಂಜಿನ್ ಪ್ರತಿ ಪಿಕ್ಸೆಲಿಗೂ ಒಂದು ಮೋಷನ್ ವೆಕ್ಟರ್ ಕೊಡುತ್ತದೆ: ಈ ಬಿಂದು ಹಿಂದಿನ ಫ್ರೇಮಿನಲ್ಲಿ ಎಲ್ಲಿತ್ತು ಎಂಬ ವಿಳಾಸ. ಜೊತೆಗೆ ಯಾವುದು ಹತ್ತಿರ, ಯಾವುದು ದೂರ ಎಂಬ ಆಳದ ಮಾಹಿತಿಯನ್ನೂ ಕೊಡುತ್ತದೆ.

ಅಪ್‌ಸ್ಕೇಲಿಂಗ್ ಎಲ್ಲಿ ಸೋಲುತ್ತದೆ ಎಂಬುದಕ್ಕೆ ಉತ್ತರ ಇಲ್ಲೇ ಇದೆ. ಹಳೆಯ ತುಣುಕಿನ ವಿಳಾಸ ತಪ್ಪಾಗಿದ್ದರೆ, ಇಲ್ಲವೇ ಹಳೆಯ ತುಣುಕೇ ಇಲ್ಲದಿದ್ದರೆ, ಚಿತ್ರ ಹಾಳಾಗುತ್ತದೆ. ಬೇರೆ ಬೇರೆ ಹೆಸರಿನ ದೋಷಗಳೆಲ್ಲ ಬಹುತೇಕ ಈ ಎರಡರ ಮಕ್ಕಳು.

ಸೈಬರ್‌ಪಂಕ್ 2077ರಂಥ ಆಟದಲ್ಲಿ ರಾತ್ರಿ ಮಳೆಯ ಬೀದಿಯಲ್ಲಿ ನಿಲ್ಲಿ. ಮೂರೂ ಕಂಪನಿಗಳ ಅಪ್‌ಸ್ಕೇಲರ್‌ಗಳು ಅದರ ಮೆನುವಿನಲ್ಲಿರುವುದರಿಂದ ಹೋಲಿಸುವುದಕ್ಕೆ ಅದು ಅನುಕೂಲದ ಜಾಗ. ಅಲ್ಲಾಡದೆ ನಿಂತು ನೋಡಿದರೆ ಮೂರೂ ಚೆನ್ನಾಗಿಯೇ ಕಾಣುತ್ತವೆ, ಏಕೆಂದರೆ ಹಳೆಯ ತುಣುಕುಗಳನ್ನು ಕೂಡಿಸಲು ಬೇಕಾದಷ್ಟು ಸಮಯ ಸಿಕ್ಕಿದೆ. ಸ್ಕ್ರೀನ್‌ಶಾಟ್ ಹೋಲಿಕೆಗಳು ಏನನ್ನೂ ಹೇಳದಿರುವುದು ಇದೇ ಕಾರಣಕ್ಕೆ. ಈಗ ಪಕ್ಕಕ್ಕೆ ನಡೆಯುತ್ತ ನೋಡಿ. ಹತ್ತಿರದ ಒಂದು ಕಂಬ ಸರಿದಾಗ ಅದರ ಹಿಂದೆ ಅಡಗಿದ್ದ ಗೋಡೆ ಹೊಸದಾಗಿ ಕಾಣಿಸಿಕೊಳ್ಳುತ್ತದೆ. ಆ ಗೋಡೆಯ ಪಟ್ಟಿಗೆ ಇತಿಹಾಸವೇ ಇಲ್ಲ. ಒಂದೆರಡು ಫ್ರೇಮಿನ ಮಟ್ಟಿಗೆ ಅದು 720ಪಿಯ ಒರಟು ಪಿಕ್ಸೆಲ್‌ಗಳಲ್ಲೇ ಇರುತ್ತದೆ. ಕಂಬದ ಒಂದು ಬದಿಗೆ ಮಾತ್ರ ಸೋಡಾ ನೊರೆಯಂಥ ಗುಜುಗುಜು ಕಾಣುತ್ತದೆ. ನರಜಾಲದ ನೆರವಿಲ್ಲದ ಎಫ್‌ಎಸ್‌ಆರ್ 2 ಮತ್ತು 3ರಲ್ಲಿ ಇದು ಎದ್ದು ಕಾಣುವ ಕುರುಹು. ಮೂರನೆಯವರ ದೃಷ್ಟಿಯಿಂದ ಆಡುವ ಆಟಗಳಲ್ಲಿ ನಾಯಕನ ಭುಜ, ತಲೆಯ ಸುತ್ತ ಇದನ್ನು ಹುಡುಕಿ.

ಎರಡನೆಯದು ಬಾಲ. ಆಕಾಶದಲ್ಲಿ ಹಾರುವ ಹಕ್ಕಿ, ಗಾಳಿಗೆ ಹಾರುವ ಕಾಗದದ ಚೂರು, ಬೆಂಕಿಯ ಕಿಡಿ: ಇಂಥವುಗಳಿಗೆ ಎಂಜಿನ್ ಅನೇಕ ಸಲ ಮೋಷನ್ ವೆಕ್ಟರ್ ಬರೆಯುವುದೇ ಇಲ್ಲ. ಹಕ್ಕಿ ಮುಂದೆ ಹೋಗಿದೆ, ಆದರೆ ಆ ಜಾಗದ ವೆಕ್ಟರ್ 'ಇಲ್ಲಿ ಆಕಾಶವಿದೆ, ಅದು ಕದಲಿಲ್ಲ' ಎನ್ನುತ್ತಿದೆ. ಅಪ್‌ಸ್ಕೇಲರ್ ಹಳೆಯ ಹಕ್ಕಿಯನ್ನು ಅಲ್ಲೇ ಸ್ವಲ್ಪ ಹೊತ್ತು ಉಳಿಸಿಕೊಳ್ಳುತ್ತದೆ. ಫಲವಾಗಿ ಹಕ್ಕಿಯ ಹಿಂದೆ ಕಪ್ಪು ಗೀರು. ಇದನ್ನು ಗೋಸ್ಟಿಂಗ್ ಎನ್ನುತ್ತಾರೆ. ನೋಡಬೇಕಾದ ಜಾಗ, ಒಂದೇ ಬಣ್ಣದ ತಿಳಿ ಹಿನ್ನೆಲೆಯ ಮುಂದೆ ಓಡುವ ಚಿಕ್ಕ ಕಪ್ಪು ವಸ್ತು. ಆಟದೊಳಗಿನ ಟಿವಿ, ಜಾಹೀರಾತು ಫಲಕ, ಲಿಫ್ಟಿನ ಅಂಕಿಗಳೂ ಇದೇ ಜಾತಿಯವು. ಫಲಕ ಗೋಡೆಗೆ ಅಂಟಿಕೊಂಡು ನಿಂತಿದೆ, ಅದರ ಮೇಲಿನ ಅಕ್ಷರ ಮಾತ್ರ ಓಡುತ್ತಿದೆ. ವೆಕ್ಟರ್ ಹೇಳುವುದು ಫಲಕದ ಚಲನೆಯನ್ನು, ಅಕ್ಷರದ್ದನ್ನಲ್ಲ. ಹಾಗಾಗಿ ಅಕ್ಷರಗಳು ಒಂದರ ಮೇಲೊಂದು ಸವರಿಕೊಳ್ಳುತ್ತವೆ. ಮಳೆಹನಿಯ ಕಥೆಯೂ ಹತ್ತಿರ ಹತ್ತಿರ ಇದೇ. ಕೆಲವು ಸಲ ಗೆರೆಗಳು ಉದ್ದವಾಗುತ್ತವೆ, ಕೆಲವು ಸಲ ಹನಿಗಳೇ ಮಾಯವಾಗುತ್ತವೆ.

ಮೂರನೆಯದು ಮಿಣುಕು. ತಂತಿ ಬೇಲಿ, ದೂರದ ವಿದ್ಯುತ್ ತಂತಿ, ಮೆಟ್ಟಿಲಿನ ಕಂಬಿ, ಹೆಂಚಿನ ಮಾಡು ಇವೆಲ್ಲ ಒಳಗಿನ ಚಿಕ್ಕ ಚಿತ್ರದಲ್ಲಿ ಒಂದು ಪಿಕ್ಸೆಲಿಗಿಂತ ತೆಳ್ಳಗಿರುತ್ತವೆ. ಒಂದು ಫ್ರೇಮಿನಲ್ಲಿ ಸಿಕ್ಕರೆ ಮತ್ತೊಂದರಲ್ಲಿ ಸಿಗುವುದಿಲ್ಲ. ನೀವು ನಿಧಾನವಾಗಿ ನಡೆದಾಗ ಬೇಲಿ ಮಿಣಮಿಣ ಎನ್ನುತ್ತದೆ. ಬಾಲ ಮತ್ತು ಮಿಣುಕಿನ ನಡುವೆ ಒಂದು ಜಗ್ಗಾಟವಿದೆ: ಹಳೆಯ ತುಣುಕುಗಳನ್ನು ಹೆಚ್ಚು ಹೊತ್ತು ನಂಬಿದರೆ ಮಿಣುಕು ಕಡಿಮೆಯಾಗಿ ಬಾಲ ಬೆಳೆಯುತ್ತದೆ, ಬೇಗ ಬಿಸಾಡಿದರೆ ಬಾಲ ಹೋಗಿ ಮಿಣುಕು ಬರುತ್ತದೆ. ಯಾವುದನ್ನು ಎಷ್ಟು ನಂಬಬೇಕು ಎಂದು ತೀರ್ಮಾನಿಸುವ ಬುದ್ಧಿಯಲ್ಲೇ ಈ ಮೂರು ಕಂಪನಿಗಳ ನಿಜವಾದ ಪೈಪೋಟಿ ಇರುವುದು.

ಎನ್ವಿಡಿಯಾ 2020ರ ಡಿಎಲ್‌ಎಸ್‌ಎಸ್ 2ರಿಂದ ಆ ತೀರ್ಮಾನವನ್ನು ತರಬೇತಿ ಪಡೆದ ನರಜಾಲಕ್ಕೆ ಬಿಟ್ಟಿತು, 2025ರಲ್ಲಿ ಟ್ರಾನ್ಸ್‌ಫಾರ್ಮರ್ ಮಾದರಿಗೆ ಬದಲಾಯಿತು. ಅದು ಆರ್‌ಟಿಎಕ್ಸ್ 20 ಸರಣಿಯಿಂದ ಈಚಿನ ಕಾರ್ಡುಗಳಲ್ಲಿ ಮಾತ್ರ ಓಡುತ್ತದೆ. ಎಎಂಡಿಯ ಎಫ್‌ಎಸ್‌ಆರ್ 2 ಮತ್ತು 3 ಕೈಯಿಂದ ಬರೆದ ನಿಯಮಗಳ ಮೇಲೆ ನಿಂತಿವೆ. ಅದಕ್ಕೇ ಯಾರ ಕಾರ್ಡಿನ ಮೇಲೂ ಓಡುತ್ತವೆ, ಅದಕ್ಕೇ ಹೆಚ್ಚು ಎಡವುತ್ತವೆ. 2025ರಲ್ಲಿ ಬಂದ ಎಫ್‌ಎಸ್‌ಆರ್ 4ರಲ್ಲಿ ಅವರೂ ನರಜಾಲಕ್ಕೆ ಬಂದರು, ಅದನ್ನು ಬಿಡುಗಡೆ ಮಾಡಿದ್ದು ಆರ್‌ಎಕ್ಸ್ 9000 ಸರಣಿಗೆ. ಇಂಟೆಲ್‌ನ ಎಕ್ಸ್‌ಇಎಸ್‌ಎಸ್ ಒಂದೇ ಹೆಸರಿನಲ್ಲಿ ಎರಡು ಸರಕು: ಇಂಟೆಲ್‌ನದೇ ಆರ್ಕ್ ಕಾರ್ಡಿನಲ್ಲಿ ಪೂರ್ಣ ರೂಪ, ಬೇರೆಯವರ ಕಾರ್ಡಿನಲ್ಲಿ ಹಗುರ ರೂಪ. ಬೇರೆಯವರ ಕಾರ್ಡಿನಲ್ಲಿ ನೋಡಿ 'ಎಕ್ಸ್‌ಇಎಸ್‌ಎಸ್ ಇಷ್ಟೇ' ಎನ್ನುವ ಹಾಗಿಲ್ಲ.

ಹೋಲಿಸುವವರು ಸಿಕ್ಕಿಬೀಳುವ ಇನ್ನೊಂದು ಗುಂಡಿ ಮೆನುವಿನ ಪದಗಳದು. 2024ರ ಎಕ್ಸ್‌ಇಎಸ್‌ಎಸ್ 1.3ರಿಂದ ಇಂಟೆಲ್ ತನ್ನ ಮೆಟ್ಟಿಲುಗಳನ್ನು ಕೆಳಗಿಳಿಸಿತು. ಅದರಲ್ಲಿ ಕ್ವಾಲಿಟಿ ಎಂದರೆ 1.5 ಅಲ್ಲ, 1.7ರಿಂದ ಭಾಗಿಸುವುದು. 1080ಪಿ ಪರದೆಯಲ್ಲಿ ಡಿಎಲ್‌ಎಸ್‌ಎಸ್ ಕ್ವಾಲಿಟಿ 1280×720ರಿಂದ ಹೊರಟರೆ, ಎಕ್ಸ್‌ಇಎಸ್‌ಎಸ್ ಕ್ವಾಲಿಟಿ ಸುಮಾರು 1130×635ರಿಂದ ಹೊರಡುತ್ತದೆ. ಅದರ ಅಲ್ಟ್ರಾ ಕ್ವಾಲಿಟಿಯೇ ಬೇರೆಯವರ ಕ್ವಾಲಿಟಿಗೆ ಸಮ. ಶಾರ್ಪನಿಂಗ್ ಸ್ಲೈಡರ್ ಕೂಡ ಹಾಗೆಯೇ ಮೋಸ ಮಾಡುತ್ತದೆ. ಒಂದರಲ್ಲಿ ಸೊನ್ನೆ, ಇನ್ನೊಂದರಲ್ಲಿ ಅರ್ಧ ಇದ್ದರೆ ಚೂಪಾಗಿರುವುದೇ ಚೆನ್ನಾಗಿದೆ ಎಂದು ಕಣ್ಣು ಹೇಳಿಬಿಡುತ್ತದೆ. ಮೊದಲು ಎಲ್ಲದರಲ್ಲೂ ಶಾರ್ಪನಿಂಗ್ ಸೊನ್ನೆ ಮಾಡಿ, ಆಮೇಲೆ ನೋಡಿ.

ಇನ್ನು ಫ್ರೇಮ್ ಜನರೇಷನ್. ಎನ್ವಿಡಿಯಾ ಇದನ್ನು 2022ರಲ್ಲಿ ಆರ್‌ಟಿಎಕ್ಸ್ 40 ಸರಣಿಯ ಜೊತೆ ತಂದಿತು, ಎಎಂಡಿ 2023ರಲ್ಲಿ ಎಫ್‌ಎಸ್‌ಆರ್ 3ರ ಹೆಸರಿನಲ್ಲಿ, ಇಂಟೆಲ್ 2024ರ ಕೊನೆಗೆ. ಮೂವರದ್ದೂ ಮೂಲದಲ್ಲಿ ಒಂದೇ ವಿಧಾನ. ಹತ್ತನೆಯ ನಿಜ ಫ್ರೇಮು ಮತ್ತು ಹನ್ನೊಂದನೆಯ ನಿಜ ಫ್ರೇಮು ಎರಡೂ ಕೈಯಲ್ಲಿರುವಾಗ ಅವುಗಳ ನಡುವಿನ ಹತ್ತೂವರೆಯನ್ನು ಊಹಿಸುವುದು. ಗಮನಿಸಿ, ಮುಂದಿನದನ್ನು ಊಹಿಸುವುದಲ್ಲ, ನಡುವಿನದನ್ನು. ಹತ್ತೂವರೆ ತಯಾರಾಗಬೇಕಾದರೆ ಹನ್ನೊಂದು ಮೊದಲೇ ತಯಾರಾಗಿರಬೇಕು. ತಯಾರಾದ ಹನ್ನೊಂದನ್ನು ನಿಮಗೆ ತೋರಿಸದೆ ತಡೆಹಿಡಿದು, ಮೊದಲು ಹತ್ತೂವರೆ ತೋರಿಸಿ, ಆಮೇಲೆ ಹನ್ನೊಂದನ್ನು ಬಿಡುತ್ತಾರೆ. ತಡ ಹುಟ್ಟುವುದು ಇಲ್ಲೇ. ಎಷ್ಟೇ ಬಲದ ಕಾರ್ಡು ತಂದರೂ ಈ ಕಾಯುವಿಕೆ ಪೂರ್ತಿ ಹೋಗುವುದಿಲ್ಲ, ಏಕೆಂದರೆ ಅದು ವಿಧಾನದೊಳಗೇ ಇದೆ.

ಲೆಕ್ಕ ಹಾಕಿ ನೋಡೋಣ. ಒಂದು ಆಟ ಅಪ್‌ಸ್ಕೇಲಿಂಗ್ ಇಲ್ಲದೆ ಸೆಕೆಂಡಿಗೆ 40 ಫ್ರೇಮು ಕೊಡುತ್ತದೆ ಎಂದಿಟ್ಟುಕೊಳ್ಳಿ. ಒಂದು ಫ್ರೇಮಿಗೆ 25 ಮಿಲಿಸೆಕೆಂಡ್. ಅಪ್‌ಸ್ಕೇಲಿಂಗ್ ಕ್ವಾಲಿಟಿ ಹಾಕಿದಿರಿ, 60 ಆಯಿತು; ಒಂದಕ್ಕೆ 16.7 ಮಿಲಿಸೆಕೆಂಡ್. ಕೈಗೆ ಹಗುರವೆನಿಸಿತು. ಈಗ ಫ್ರೇಮ್ ಜನರೇಷನ್ ಆನ್ ಮಾಡಿದಿರಿ. ಅಂಕಿ 120 ಆಗಬೇಕಿತ್ತು, 104 ಆಯಿತು. ಎಲ್ಲಿ ಹೋಯಿತು ಉಳಿದದ್ದು? ನಡುವಿನ ಚಿತ್ರ ಬಿಡಿಸುವ ಕೆಲಸವೂ ಅದೇ ಕಾರ್ಡಿನ ತಲೆಗೆ ಬಿತ್ತು, ಹಾಗಾಗಿ ನಿಜ ಫ್ರೇಮುಗಳು 60ರಿಂದ 52ಕ್ಕೆ ಇಳಿದವು. ಒಂದೊಂದಕ್ಕೂ ಈಗ 19.2 ಮಿಲಿಸೆಕೆಂಡ್, ಅಂದರೆ 2.5 ಹೆಚ್ಚು. ಅದರ ಮೇಲೆ, ತಯಾರಾದ ಫ್ರೇಮು ಅರ್ಧ ಅವಧಿ ಕಾಯಬೇಕು: 9.6 ಮಿಲಿಸೆಕೆಂಡ್. ಎರಡೂ ಸೇರಿ ಕನಿಷ್ಠ 12, ಜೊತೆಗೆ ನಡುವಿನದನ್ನು ಬಿಡಿಸುವ ಸಮಯ. ಅಲ್ಲಿಗೆ ಅಪ್‌ಸ್ಕೇಲಿಂಗ್ ಗಳಿಸಿಕೊಟ್ಟಿದ್ದನ್ನು ಫ್ರೇಮ್ ಜನರೇಷನ್ ಬಹುಪಾಲು ಖರ್ಚು ಮಾಡಿತು. ಪರದೆಯಲ್ಲಿ 104 ಎಂದಿದ್ದರೂ ಕೈಗೆ ಸಿಗುವುದು ಮೊದಲಿನ ಆ 40ರ ಆಸುಪಾಸಿನ ಅನುಭವ.

ಇದು ಕೆಟ್ಟದ್ದೇ ಎಂದಲ್ಲ. ನೋಟ ನಿಜಕ್ಕೂ ನಯವಾಗುತ್ತದೆ. ಕ್ಯಾಮೆರಾ ತಿರುಗಿಸಿದಾಗಿನ ಒರಟುತನ ಕಡಿಮೆಯಾಗುತ್ತದೆ. ನಿಧಾನವಾಗಿ ಕಥೆ ಹೇಳುವ ಆಟಗಳಲ್ಲಿ ಹನ್ನೆರಡು ಮಿಲಿಸೆಕೆಂಡು ಯಾರ ಅರಿವಿಗೂ ಬರುವುದಿಲ್ಲ. ಕೌಂಟರ್-ಸ್ಟ್ರೈಕ್ ಥರದ ಆಟದಲ್ಲಿ ಆಡುವವರಿಗೆ ಮಾತ್ರ ಅದು ಬೇಡವೇ ಬೇಡ. ಕಂಪನಿಗಳ ಜಾಹೀರಾತಿನ ಚಾರ್ಟುಗಳಲ್ಲಿ ಫ್ರೇಮ್ ಜನರೇಷನ್ ಹಾಕಿದರೂ ಲೇಟೆನ್ಸಿ ಕಡಿಮೆಯಾದಂತೆ ತೋರಿಸುವುದುಂಟು. ಅದರ ಗುಟ್ಟು ಸರಳ. ಡಿಎಲ್‌ಎಸ್‌ಎಸ್‌ನ ಫ್ರೇಮ್ ಜನರೇಷನ್ ಆನ್ ಮಾಡಿದರೆ ತಡ ಕಡಿಮೆ ಮಾಡುವ ರಿಫ್ಲೆಕ್ಸ್ ಎಂಬ ಸೌಲಭ್ಯವೂ ತಾನಾಗಿ ಆನ್ ಆಗುತ್ತದೆ. ಪಕ್ಕದ ಹೋಲಿಕೆಯ ಪಟ್ಟಿಯಲ್ಲಿ ಅದು ಆಫ್ ಆಗಿರುತ್ತದೆ. ನೀವು ಹೋಲಿಸುವಾಗ ಎರಡೂ ಕಡೆ ರಿಫ್ಲೆಕ್ಸ್ ಆನ್ ಇಟ್ಟುಕೊಳ್ಳಿ. ಎಎಂಡಿಯಲ್ಲಿ ಅದರ ಜಾಗದಲ್ಲಿ ಆಂಟಿ-ಲ್ಯಾಗ್ ಇರುತ್ತದೆ.

ನನ್ನ ಲೆಕ್ಕದಲ್ಲಿ ಅತಿ ಹೆಚ್ಚು ಜನ ಬೀಳುವ ಬಲೆ ಬೇರೆಯದು, ಅದನ್ನು ಯಾವ ಮೆನುವೂ ಎಚ್ಚರಿಸುವುದಿಲ್ಲ. ಪರದೆ 60 ಹರ್ಟ್ಸ್‌ನದು, ವಿ-ಸಿಂಕ್ ಆನ್ ಇದೆ, ಅಂದರೆ ಒಟ್ಟು ಫ್ರೇಮು 60 ದಾಟುವಂತಿಲ್ಲ. ಆಗ ಫ್ರೇಮ್ ಜನರೇಷನ್ ಹಾಕಿದರೆ ಏನಾಗುತ್ತದೆ? ಆ 60ರಲ್ಲಿ ಅರ್ಧ ಊಹೆ, ಅರ್ಧ ನಿಜ. ಮೊದಲು ಸಲೀಸಾಗಿ 60 ನಿಜ ಫ್ರೇಮು ಕೊಡುತ್ತಿದ್ದ ಆಟ ಈಗ 30ಕ್ಕೆ ಇಳಿದಿದೆ, ಅಂಕಿ ಮಾತ್ರ ಅದೇ 60. ಮೌಸು ಜೇಡಿಮಣ್ಣಿನಲ್ಲಿ ಸಿಕ್ಕಿಕೊಂಡಂತೆ ಆಗುತ್ತದೆ, ಕಾರಣ ಗೊತ್ತಾಗುವುದಿಲ್ಲ. 144 ಹರ್ಟ್ಸ್ ಪರದೆಯಲ್ಲಿ 4x ಹಾಕಿದವರ ಗತಿಯೂ ಇದೇ: 144ರಲ್ಲಿ ನಿಜವಾದದ್ದು 36 ಮಾತ್ರ. ಒಂದು ನಿಜ ಫ್ರೇಮಿಗೆ 27.8 ಮಿಲಿಸೆಕೆಂಡ್, ಮೂರು ಊಹೆಗಳನ್ನು ಮೊದಲು ತೋರಿಸಬೇಕಾದ್ದರಿಂದ ಅದರ ಮುಕ್ಕಾಲು ಭಾಗ, ಸುಮಾರು 21 ಮಿಲಿಸೆಕೆಂಡ್, ಕಾಯುವುದು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವುದು ಇದಕ್ಕೇ. ಫ್ರೇಮ್ ಜನರೇಷನ್ ಹಾಕುವ ಮುಂಚೆಯೇ ಸುಮಾರು 60 ನಿಜ ಫ್ರೇಮು ಇರಬೇಕು ಎಂದು ಎಎಂಡಿಯೇ ಸಲಹೆ ಕೊಡುತ್ತದೆ. 60 ಇದ್ದು ಪರದೆ 120ಕ್ಕಿಂತ ಮೇಲಿದ್ದರೆ 2x ಹಾಕಿ. 4x ನಿಜಕ್ಕೂ ಶೋಭಿಸುವುದು 240 ಹರ್ಟ್ಸ್ ಪರದೆಯ ಮೇಲೆ.

ಊಹಿಸಿದ ಫ್ರೇಮಿನ ದೋಷಗಳನ್ನು ಹಿಡಿಯುವುದು ಅಪ್‌ಸ್ಕೇಲಿಂಗ್ ದೋಷಗಳಿಗಿಂತ ಕಷ್ಟ, ಏಕೆಂದರೆ ಪ್ರತಿ ಸುಳ್ಳು ಚಿತ್ರದ ಬೆನ್ನಿಗೇ ಒಂದು ನಿಜ ಚಿತ್ರ ಬಂದು ಅದನ್ನು ಮುಚ್ಚಿಬಿಡುತ್ತದೆ. 104ರಲ್ಲಿ ಸುಳ್ಳು ಚಿತ್ರ ಪರದೆಯ ಮೇಲಿರುವುದು ಹತ್ತು ಮಿಲಿಸೆಕೆಂಡಿಗಿಂತ ಕಡಿಮೆ. ಕಣ್ಣಿಗೆ ಅಭ್ಯಾಸ ಮಾಡಿಸಲು ಒಂದು ಉಪಾಯವಿದೆ. ಬೇಕೆಂದೇ ನಿಜ ಫ್ರೇಮುಗಳನ್ನು 30ಕ್ಕೆ ಇಳಿಸಿ, ಗುಣಮಟ್ಟ ಪೂರ್ತಿ ಏರಿಸಿದರೂ ಸಾಕು, ಆಮೇಲೆ ಫ್ರೇಮ್ ಜನರೇಷನ್ ಹಾಕಿ. ಎರಡು ನಿಜ ಫ್ರೇಮುಗಳ ಅಂತರ ಹೆಚ್ಚಾದಷ್ಟೂ ಊಹೆ ದೊಡ್ಡದಾಗಬೇಕು, ತಪ್ಪೂ ದೊಡ್ಡದಾಗುತ್ತದೆ, ಹೆಚ್ಚು ಹೊತ್ತು ನಿಲ್ಲುತ್ತದೆ. ಒಮ್ಮೆ ಹಾಗೆ ನೋಡಿದ ಮೇಲೆ 104ರಲ್ಲೂ ಅವು ಎಲ್ಲಿ ಅಡಗಿವೆ ಎಂದು ತಿಳಿಯುತ್ತದೆ.

ಮೊದಲು ಓಡುವ ನಾಯಕನ ಕಾಲುಗಳನ್ನು ನೋಡಿ. ಕಾಲು ಹಿಂದೆ ಮುಂದೆ ಬೀಸುವಾಗ ನೆಲ ಮುಚ್ಚಿ ತೆರೆಯುತ್ತಿರುತ್ತದೆ. ಆ ನೆಲ ನಡುವಿನ ಫ್ರೇಮಿನಲ್ಲಿ ಹೇಗಿರಬೇಕು ಎಂದು ಸರಿಯಾಗಿ ಗೊತ್ತಿಲ್ಲದೆ ಕಾಲಿನ ಸುತ್ತ ಚಿತ್ರ ಕಲಕಿದ ನೀರಿನಂತೆ ಅಲ್ಲಾಡುತ್ತದೆ. ಆಮೇಲೆ ಪರದೆಯ ಎಡ ಬಲ ಅಂಚುಗಳು: ಜೋರಾಗಿ ತಿರುಗಿದಾಗ ಹೊಸದಾಗಿ ಒಳಬರುವ ವಸ್ತು ಹಿಂದಿನ ಫ್ರೇಮಿನಲ್ಲಿ ಇರಲೇ ಇಲ್ಲ, ಹಾಗಾಗಿ ಅಂಚಿನ ಒಂದು ಪಟ್ಟಿ ಹಿಗ್ಗಿದಂತೆ ಕಾಣುತ್ತದೆ. ನೆರಳುಗಳೂ ತೊಂದರೆಯವೇ. ಮೋಷನ್ ವೆಕ್ಟರ್ ನೆಲದ್ದು, ನೆಲ ನಿಂತಿದೆ, ಅದರ ಮೇಲಿನ ನೆರಳು ಮಾತ್ರ ಓಡುತ್ತಿದೆ. ಬರೀ ವೆಕ್ಟರ್ ನಂಬಿದರೆ ನೆರಳು ಕುಂಟುತ್ತದೆ. ಅದಕ್ಕೇ ಫ್ರೇಮ್ ಜನರೇಷನ್ ವೆಕ್ಟರುಗಳ ಜೊತೆಗೆ ಆಪ್ಟಿಕಲ್ ಫ್ಲೋ ಎಂಬ ವಿಧಾನವನ್ನೂ ಬಳಸಿ, ಎರಡು ಚಿತ್ರಗಳನ್ನು ಹೋಲಿಸಿ ಯಾವ ಬಣ್ಣ ಎಲ್ಲಿಗೆ ಸರಿಯಿತು ಎಂದು ಹುಡುಕುತ್ತದೆ.

ಎಲ್ಲಕ್ಕಿಂತ ಸುಲಭವಾಗಿ ಸಿಕ್ಕಿಬೀಳುವುದು ಪರದೆಯ ಮೇಲಿನ ಬರಹ: ಗುಂಡಿನ ಲೆಕ್ಕ, ಗುರಿಯ ಚಿಹ್ನೆ, ದಾರಿ ತೋರುವ ಬಾಣ. ಆಟ ಚೆನ್ನಾಗಿ ಬರೆದಿದ್ದರೆ ಈ ಬರಹಗಳನ್ನು ಚಿತ್ರದಿಂದ ಬೇರೆಯಾಗಿ ಕೊಡುತ್ತದೆ. ಊಹೆ ಮುಗಿದ ಮೇಲೆ ಮೇಲಿಂದ ಅಂಟಿಸುತ್ತಾರೆ. ಬೇರೆಯಾಗಿ ಕೊಡದಿದ್ದರೆ ಅಕ್ಷರಗಳೂ ಜಗತ್ತಿನ ಜೊತೆ ಎಳೆದಾಡಿಸಿಕೊಳ್ಳುತ್ತವೆ. ಡ್ರೈವರ್ ಮಟ್ಟದಲ್ಲಿ ಕೆಲಸ ಮಾಡುವ ಎಎಂಡಿಯ ಫ್ಲೂಯಿಡ್ ಮೋಷನ್ ಫ್ರೇಮ್ಸ್, ಸ್ಟೀಮಿನಲ್ಲಿ ಮಾರಾಟವಾಗುವ ಲಾಸ್‌ಲೆಸ್ ಸ್ಕೇಲಿಂಗ್ ಇವಕ್ಕೆ ಆಟದಿಂದ ವೆಕ್ಟರ್ ಸಿಗುವುದಿಲ್ಲ, ಬರಹವೂ ಪ್ರತ್ಯೇಕವಾಗಿ ಸಿಗುವುದಿಲ್ಲ. ಸಿಗುವುದು ಮುಗಿದ ಚಿತ್ರವಷ್ಟೇ. ಯಾವ ಆಟದಲ್ಲೂ ಓಡುತ್ತವೆ ಎಂಬುದು ಅವುಗಳ ದೊಡ್ಡ ಗುಣ; ನೀವು ತಿರುಗಿದಾಗ ಗುಂಡಿನ ಲೆಕ್ಕದ ಸುತ್ತ ಚಿತ್ರ ನಡುಗುವುದು ಅದಕ್ಕೆ ತೆರುವ ಬೆಲೆ.

ಇದನ್ನು ಹತ್ತಿರದಿಂದ ನೋಡಬೇಕೆಂದರೆ ಆಟವನ್ನು ಸೆಕೆಂಡಿಗೆ 120 ಫ್ರೇಮಿನಲ್ಲಿ ರೆಕಾರ್ಡ್ ಮಾಡಿ, ಆಟದ ಒಟ್ಟು ಅಂಕಿಯೂ 120ರ ಹತ್ತಿರ ಇರಲಿ, ವಿಎಲ್‌ಸಿಯಲ್ಲಿ ತೆರೆದು ನಿಲ್ಲಿಸಿ E ಕೀಲಿ ಒತ್ತುತ್ತ ಹೋಗಿ. ಪ್ರತಿ ಒತ್ತಿಗೂ ಒಂದು ಫ್ರೇಮು ಮುಂದೆ ಸರಿಯುತ್ತದೆ. ಒಂದು ಸ್ವಚ್ಛ, ಮುಂದಿನದು ಕಲಕು, ಮತ್ತೆ ಸ್ವಚ್ಛ, ಮತ್ತೆ ಕಲಕು. ಕಟ್ ಸೀನಿನಲ್ಲಿ ಕ್ಯಾಮೆರಾ ಥಟ್ಟನೆ ಒಂದು ಕೋಣೆಯಿಂದ ಇನ್ನೊಂದಕ್ಕೆ ಹಾರುವ ಕಡೆ ನಿಲ್ಲಿಸಿದರೆ, ಕೆಲವೊಮ್ಮೆ ಎರಡೂ ಕೋಣೆ ಬೆರೆತ ಅಪರೂಪದ ಚಿತ್ರವೊಂದು ಸಿಕ್ಕರೂ ಸಿಗಬಹುದು. ರೆಕಾರ್ಡಿಂಗ್ 60ರಲ್ಲಿದ್ದರೆ ಈ ಪರೀಕ್ಷೆ ನಡೆಯುವುದಿಲ್ಲ. ಅರ್ಧ ಫ್ರೇಮುಗಳು ಬಿಟ್ಟುಹೋಗಿರುತ್ತವೆ, ಬಿಟ್ಟದ್ದು ಯಾವ ಅರ್ಧವೋ ಗೊತ್ತಾಗುವುದಿಲ್ಲ. ಯೂಟ್ಯೂಬ್ ವಿಡಿಯೊಗಳು 60ರಲ್ಲೇ ನಿಲ್ಲುವುದರಿಂದ ಅಲ್ಲಿ ನೋಡಿ ಫ್ರೇಮ್ ಜನರೇಷನ್ ಬಗ್ಗೆ ಅಭಿಪ್ರಾಯಕ್ಕೆ ಬರುವುದೂ ಕಷ್ಟ.

ತಡವನ್ನು ಅಳೆಯಲು ಎನ್ವಿಡಿಯಾದವರಿಗೆ Alt+R ಒತ್ತಿದರೆ ಬರುವ ಪಟ್ಟಿಯಲ್ಲಿ ಲೇಟೆನ್ಸಿ ಅಂಕಿ ಸಿಗುತ್ತದೆ. ಅದು ಕಂಪ್ಯೂಟರಿನೊಳಗಿನ ತಡ, ಮೌಸ್ ಮತ್ತು ಪರದೆಯದು ಸೇರಿಲ್ಲ. ನನಗೆ ಹೆಚ್ಚು ನಂಬಿಕೆ ಫೋನಿನ ಸ್ಲೋ ಮೋಷನ್ ಮೇಲೆ. 240 ಫ್ರೇಮಿನಲ್ಲಿ ಚಿತ್ರಿಸಿದರೆ ಒಂದೊಂದು ಚಿತ್ರ 4.17 ಮಿಲಿಸೆಕೆಂಡ್. ಮೌಸಿನ ಮೇಲಿನ ಬೆರಳೂ ಪರದೆಯೂ ಒಂದೇ ಚಿತ್ರದಲ್ಲಿ ಬರುವಂತೆ ಫೋನನ್ನು ಆತುಕೊಡಿಸಿ ಇಟ್ಟು, ಬಂದೂಕು ಸಿಡಿಸಿ. ಬೆರಳು ಕೆಳಗೆ ಕೂತ ಚಿತ್ರದಿಂದ ನಳಿಗೆಯ ಬೆಳಕು ಕಾಣುವ ಚಿತ್ರದವರೆಗೆ ಎಣಿಸಿ. ಫ್ರೇಮ್ ಜನರೇಷನ್ ಆಫ್ ಇದ್ದಾಗ 14 ಬಂತೆನ್ನಿ, 58 ಮಿಲಿಸೆಕೆಂಡ್. ಆನ್ ಇದ್ದಾಗ 18 ಬಂದರೆ 75. ಒಂದೇ ಸಲದ ಅಳತೆ ಸಾಲದು, ಏಕೆಂದರೆ ನೀವು ಒತ್ತಿದ ಕ್ಷಣ ಫ್ರೇಮಿನ ಆರಂಭಕ್ಕೆ ಬಿತ್ತೋ ಕೊನೆಗೆ ಬಿತ್ತೋ ಎಂಬುದರ ಮೇಲೆ ಅದು ಏರಿಳಿಯುತ್ತದೆ. ಹತ್ತಾರು ಗುಂಡು ಹಾರಿಸಿ ಸರಾಸರಿ ತೆಗೆಯಿರಿ. ಕೆಲವು ಫೋನುಗಳು 960 ಫ್ರೇಮಿನ ಸ್ಲೋ ಮೋಷನ್ ಎಂದು ಹೇಳಿಕೊಳ್ಳುತ್ತವೆ, ಅದರಲ್ಲಿ ಬಹುಪಾಲು ನಡುವೆ ತುಂಬಿಸಿದ ಊಹೆಯ ಚಿತ್ರಗಳು. ಫ್ರೇಮ್ ಜನರೇಷನ್ ಅಳೆಯಲು ಫ್ರೇಮ್ ಜನರೇಷನ್ನೇ ಬಳಸಿದಂತಾಗುತ್ತದೆ, ಅದು ಬೇಡ.

ಇಷ್ಟು ಗೊತ್ತಿದ್ದರೆ ಮೆನುವಿನಲ್ಲಿ ಯಾವ ಕ್ರಮದಲ್ಲಿ ಇಳಿಯಬೇಕು ಎಂಬುದು ತಾನಾಗಿ ತೀರ್ಮಾನವಾಗುತ್ತದೆ. ಮೊದಲು ಫ್ರೇಮ್ ಜನರೇಷನ್ ಆಫ್ ಮಾಡಿ, ಅಪ್‌ಸ್ಕೇಲಿಂಗ್ ಒಂದರಿಂದಲೇ ನಿಜ ಫ್ರೇಮು 60 ಮುಟ್ಟುತ್ತದೆಯೇ ನೋಡಿ. 1080ಪಿ ಪರದೆಯಲ್ಲಿ ಕ್ವಾಲಿಟಿಗಿಂತ ಕೆಳಗಿಳಿಯುವ ಬದಲು ನೆರಳು, ಪ್ರತಿಫಲನ, ರೇ ಟ್ರೇಸಿಂಗ್ ಇವುಗಳನ್ನು ಒಂದೊಂದು ಮೆಟ್ಟಿಲು ಇಳಿಸುವುದು ಮೇಲು. ಬೇಲಿಯ ಮಿಣುಕು ಎರಡು ಗಂಟೆ ಕಣ್ಣಿಗೆ ಚುಚ್ಚುವುದಕ್ಕಿಂತ ನೆರಳು ಚೂರು ಮೆತ್ತಗಿರುವುದು ವಾಸಿ. ಕ್ವಾಲಿಟಿಯಿಂದ ಪರ್ಫಾರ್ಮೆನ್ಸ್‌ಗೆ ಇಳಿದರೂ ಅಂಕಿ ಕದಲದಿದ್ದರೆ ಕಾರ್ಡಿನದಲ್ಲ ತಪ್ಪು, ಪ್ರೊಸೆಸರ್ ಏದುಸಿರು ಬಿಡುತ್ತಿದೆ. ಆಗ ಅಪ್‌ಸ್ಕೇಲಿಂಗ್‌ನಿಂದ ಚಿತ್ರ ಕೆಡುತ್ತದೆಯೇ ಹೊರತು ಪ್ರಯೋಜನವಿಲ್ಲ. ಫ್ರೇಮ್ ಜನರೇಷನ್ ತನ್ನ ಯೋಗ್ಯತೆ ತೋರಿಸುವುದು ಇಂಥ ಕಡೆಯೇ, ಏಕೆಂದರೆ ನಡುವಿನ ಫ್ರೇಮಿಗೆ ಪ್ರೊಸೆಸರ್ ಆಟದ ಲೆಕ್ಕವನ್ನು ಮತ್ತೆ ಹಾಕಬೇಕಿಲ್ಲ. 2022ರಲ್ಲಿ ಎನ್ವಿಡಿಯಾ ಇದನ್ನು ತೋರಿಸಲು ಆರಿಸಿಕೊಂಡ ಆಟಗಳಲ್ಲಿ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಒಂದಾಗಿದ್ದು ಸುಮ್ಮನೆ ಅಲ್ಲ: ಪ್ರೊಸೆಸರನ್ನು ಅರೆಯುವ ಆಟ, ಮೇಲಾಗಿ ವಿಮಾನ ನಿಧಾನವಾಗಿ ತಿರುಗುವುದರಿಂದ ಹತ್ತಿಪ್ಪತ್ತು ಮಿಲಿಸೆಕೆಂಡಿನ ತಡ ಪೈಲಟ್ಟಿನ ಗಮನಕ್ಕೇ ಬಾರದು.

8 ಜಿಬಿ ಕಾರ್ಡಿನವರು ಇನ್ನೊಂದನ್ನು ನೋಡಿಕೊಳ್ಳಬೇಕು. ಫ್ರೇಮ್ ಜನರೇಷನ್‌ಗೆ ತನ್ನದೇ ಆದ ವಿಡಿಯೊ ಮೆಮೊರಿ ಬೇಕು. ಆಟವೇ ಮೆಮೊರಿಯನ್ನು ಅಂಚಿನವರೆಗೆ ತುಂಬಿದ್ದರೆ ಅಂಕಿ ಏರುವ ಬದಲು ಆಟ ತಡವರಿಸುತ್ತದೆ, ಗೋಡೆಯ ಮೇಲಿನ ಚಿತ್ತಾರ ಮಸುಕಾಗುತ್ತದೆ. ಟೆಕ್ಸ್ಚರ್ ಒಂದು ಮೆಟ್ಟಿಲು ಇಳಿಸಿದರೆ ಅದು ಸರಿಹೋಗುತ್ತದೆ. ಆರ್‌ಟಿಎಕ್ಸ್ 3050, 3060 ಇಟ್ಟುಕೊಂಡವರಿಗೆ ಎನ್ವಿಡಿಯಾದ ಫ್ರೇಮ್ ಜನರೇಷನ್ ಇಲ್ಲ. ಆದರೆ 2024ರ ಎಫ್‌ಎಸ್‌ಆರ್ 3.1ರಿಂದ ಎಎಂಡಿ ತನ್ನ ಫ್ರೇಮ್ ಜನರೇಷನ್ನನ್ನು ತನ್ನ ಅಪ್‌ಸ್ಕೇಲರಿನಿಂದ ಬಿಡಿಸಿ ಕೊಟ್ಟಿದೆ. ಆಟದ ಮೆನು ಅವಕಾಶ ಕೊಟ್ಟರೆ ಅಪ್‌ಸ್ಕೇಲಿಂಗ್ ಸಾಲಿನಲ್ಲಿ ಡಿಎಲ್‌ಎಸ್‌ಎಸ್, ಫ್ರೇಮ್ ಜನರೇಷನ್ ಸಾಲಿನಲ್ಲಿ ಎಫ್‌ಎಸ್‌ಆರ್ ಇಟ್ಟು, ಎನ್ವಿಡಿಯಾ ತನ್ನ ಹಳೆಯ ಗ್ರಾಹಕರಿಗೆ ಕೊಡದಿದ್ದುದನ್ನು ಎಎಂಡಿಯಿಂದ ಪಡೆಯಬಹುದು.